25 ಸುತ್ತು ಸಾಲದು ಅಂತ 50 ಮಾಡಿದೆ, ಇನ್ನೂ ಹಾಳಾಯಿತು

ನಾನು ಬದಿಯಡ್ಕದ ಹತ್ತಿರ ಮನೆಯಲ್ಲೇ ಕೂತು ಮಂಗಳೂರಿನ ಒಂದು ಸಣ್ಣ ಕಂಪನಿಗೆ ಕೆಲಸ ಮಾಡುತ್ತೇನೆ. ಕಾಲೇಜುಗಳಿಗೆ ಕ್ವಾಂಟಂ ಕಂಪ್ಯೂಟಿಂಗ್ ಲ್ಯಾಬ್ ಪಾಠ ಬರೆದು ಕೊಡುವುದು ನನ್ನ ಕೆಲಸ. ವಾರಕ್ಕೊಂದು ದಿನ ಕುಂಬಳೆಗೆ ಹೋಗಿ ಮಂಗಳೂರು ಬಸ್ಸು ಹಿಡಿಯುತ್ತೇನೆ. ಉಳಿದ ದಿನ ನಾನು, ಲ್ಯಾಪ್‌ಟಾಪ್, ಆಗಾಗ ಹೋಗುವ ಕರೆಂಟು.

ಕಳೆದ ಮಳೆಗಾಲದಲ್ಲಿ ಗ್ರೋವರ್ ಹುಡುಕಾಟದ ಪಾಠ ಬರೆಯುತ್ತಿದ್ದೆ. ಬೆಲ್ ಲ್ಯಾಬ್ಸ್‌ನಲ್ಲಿದ್ದ ಲವ್ ಗ್ರೋವರ್ 1996ರಲ್ಲಿ ಕೊಟ್ಟ ವಿಧಾನ ಅದು. N ವಸ್ತುಗಳಿವೆ, ಯಾವ ಕ್ರಮವೂ ಇಲ್ಲ, ಒಂದೇ ಸರಿ ಉತ್ತರ. ಸಾಮಾನ್ಯ ಕಂಪ್ಯೂಟರ್ ಸರಾಸರಿ ಅರ್ಧದಷ್ಟನ್ನಾದರೂ ತೆರೆದು ನೋಡಬೇಕು. ಗ್ರೋವರ್‌ಗೆ ಸುಮಾರು √N ಸಲ ಕೇಳಿದರೆ ಸಾಕು. ಸರಿಯಾಗಿ ಹೇಳುವುದಾದರೆ (π/4)√N. N 1024 ಆದರೆ √N 32, ಕೇಳುವುದು 25 ಸಲ. ಒಂದು ಸಲ ಕೇಳುವುದಕ್ಕೆ ಒಂದು ಸುತ್ತು ಎನ್ನುತ್ತೇನೆ.

ನಾನು ಕೊಟ್ಟ ಲೆಕ್ಕ ಇಷ್ಟೇ: 0ಯಿಂದ 1023ರವರೆಗಿನ ಯಾವ ಸಂಖ್ಯೆಯನ್ನು ವರ್ಗ ಮಾಡಿ 1024ರಿಂದ ಭಾಗಿಸಿದರೆ ಶೇಷ 345 ಬರುತ್ತದೆ? ಉತ್ತರ 37 ಎಂದು ನಾನೇ ಇಟ್ಟದ್ದು. 37ರ ವರ್ಗ 1369, ಅದರಲ್ಲಿ 1024 ಕಳೆದರೆ 345. 25 ಸುತ್ತು ಓಡಿಸಿ ಅಳೆದರೆ ಒಂದು ಸಂಖ್ಯೆ ಸಿಗುತ್ತದೆ. ಹಾಗೆ 1000 ಸಲ ಮಾಡಿದೆ. 37 ಬಂದದ್ದು ಒಂದೇ ಸಲ! ಕಣ್ಣು ಮುಚ್ಚಿ ಚೀಟಿ ಎತ್ತಿದ್ದರೂ ಸಾವಿರಕ್ಕೆ ಒಂದು ಸಲ ಬರುತ್ತಿತ್ತು.

ಇಲ್ಲಿ ನಾನು ಮಾಡಿದ್ದು ಪೆದ್ದು ಕೆಲಸ. ಸುತ್ತು ಸಾಲಲಿಲ್ಲ ಅಂದುಕೊಂಡೆ. ಜಾಸ್ತಿ ಹುಡುಕಿದರೆ ಜಾಸ್ತಿ ಸಿಗಬೇಕು, ಅಲ್ವಾ? 50 ಮಾಡಿದೆ. ಸೊನ್ನೆ. 100 ಮಾಡಿದೆ. ಸೊನ್ನೆ. ಆಮೇಲೆ ಒರಾಕಲ್, ಅಂದರೆ ಸರಿ ಉತ್ತರಕ್ಕೆ ಗುರುತು ಹಾಕುವ ಸರ್ಕ್ಯೂಟ್, ತಪ್ಪಿರಬೇಕು ಎಂದು ಎರಡು ದಿನ ಅದನ್ನೇ ಬಿಚ್ಚಿ ಜೋಡಿಸುತ್ತಾ ಕೂತೆ. ಅದರಲ್ಲಿ ಏನೂ ತಪ್ಪಿರಲಿಲ್ಲ.

ಮೂರನೇ ದಿನ ಸರ್ಕ್ಯೂಟ್ ಬದಿಗಿಟ್ಟು, ಲೆಕ್ಕವನ್ನಷ್ಟೇ ಬರೆದು ಪ್ರತಿ ಸುತ್ತಿನಲ್ಲೂ ಏನಾಗುತ್ತದೆ ಎಂದು ನೋಡಿದೆ.

```python
import numpy as np
N = 1024
x = np.arange(N)
good = (x*x) % N == 345
a = np.full(N, 1/np.sqrt(N))
for k in range(1, 41):
    a[good] *= -1
    a = 2*a.mean() - a
    print(k, round(a[37]**2, 4))
```

ಇದರಲ್ಲಿ a ಎನ್ನುವುದು ಆಂಪ್ಲಿಟ್ಯೂಡ್‌ಗಳ ಸಾಲು. ಒಂದು ಸಂಖ್ಯೆಯ ಆಂಪ್ಲಿಟ್ಯೂಡನ್ನು ವರ್ಗ ಮಾಡಿದರೆ ಅಳೆದಾಗ ಅದು ಸಿಗುವ ಸಂಭವ ಬರುತ್ತದೆ. ಮೊದಲು ಎಲ್ಲರದ್ದೂ 1/32. ಒಂದು ಸುತ್ತು ಅಂದರೆ ಎರಡು ಕೆಲಸ. ಮೊದಲು ಗುರುತಿನವರ ಚಿಹ್ನೆ ತಿರುಗಿಸಿ ಮೈನಸ್ ಮಾಡುವುದು. ಆಮೇಲೆ ಎಲ್ಲರನ್ನೂ ಸರಾಸರಿಯ ಈ ಬದಿಯಿಂದ ಆ ಬದಿಗೆ ಮಗುಚುವುದು. ಒಂದೇ ಉತ್ತರ ಇದ್ದಾಗ ಏನಾಗುತ್ತದೆ ನೋಡಿ. ಗುರುತಿನದ್ದು −1/32 ಆಯಿತು. ಉಳಿದ 1023 ಹಾಗೇ ಇರುವುದರಿಂದ ಸರಾಸರಿ ಹೆಚ್ಚುಕಮ್ಮಿ 1/32ರಲ್ಲೇ ಇದೆ. ಮಗುಚಿದಾಗ ಗುರುತಿನದ್ದು ಎರಡು ಸರಾಸರಿ ಕೂಡಿಸು 1/32, ಅಂದರೆ ಸುಮಾರು 3/32 ಆಗುತ್ತದೆ. ಮುಂದಿನ ಸುತ್ತಿಗೆ ಸುಮಾರು 5/32. ಒಂದೊಂದು ಸುತ್ತಿಗೂ 2/32ರಷ್ಟು ಏರಿಕೆ.

ವರ್ಗಮೂಲ ಬರುವುದು ಇಲ್ಲಿಂದಲೇ. ಇದನ್ನು ನಾನು ಎಷ್ಟೋ ಸಲ ಓದಿದ್ದೆ, ಆದರೆ ತಲೆಗೆ ಹೋದದ್ದು ಅವತ್ತು. ಸಾಮಾನ್ಯ ಹುಡುಕಾಟದಲ್ಲಿ ಒಂದೊಂದು ಸಲ ನೋಡಿದಾಗಲೂ ಸಿಗುವ ಸಂಭವ 1/N ಏರುತ್ತದೆ. ಅದು 1 ಮುಟ್ಟಲು N ಸಲ ಬೇಕು. ಇಲ್ಲಿ ಏರುವುದು ಸಂಭವ ಅಲ್ಲ, ಆಂಪ್ಲಿಟ್ಯೂಡ್. ಸಂಭವ ಅದರ ವರ್ಗ. 1/1024 ಸಂಭವಕ್ಕೆ ಆಂಪ್ಲಿಟ್ಯೂಡ್ 1/32, ಆದ್ದರಿಂದ ಒಂದು ಹೆಜ್ಜೆಯ ಉದ್ದವೂ √Nನ ಲೆಕ್ಕದಲ್ಲೇ ಇರುತ್ತದೆ. 1/√Nರಿಂದ 1ಕ್ಕೆ 2/√Nನ ಹೆಜ್ಜೆ ಹಾಕಿ ಹೋದರೆ √Nಗೆ ಸಂಬಂಧಪಟ್ಟಷ್ಟೇ ಹೆಜ್ಜೆ ಸಾಕು.

ಹಾಗಾದರೆ √Nನ ಅರ್ಧ, 16 ಸುತ್ತು ಸಾಕಾಗಬೇಕಿತ್ತು. 25 ಯಾಕೆ? ಹೆಜ್ಜೆ ನೇರ ದಾರಿಯಲ್ಲಿಲ್ಲ, ವೃತ್ತದ ಮೇಲಿದೆ. ಎಲ್ಲ ಸಂಭವಗಳ ಮೊತ್ತ ಯಾವತ್ತೂ 1 ಆಗಿರಬೇಕು, ಹಾಗಾಗಿ ಇಡೀ ಸ್ಥಿತಿ ಉದ್ದ ಬದಲಾಗದ ಒಂದು ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ಶುರುವಿನ ಕೋನ θ ಅಂದರೆ sin θ = 1/32. ಪ್ರತಿ ಸುತ್ತಿಗೂ 2θ ತಿರುಗುತ್ತದೆ. k ಸುತ್ತಾದ ಮೇಲೆ ಸಂಭವ sin²((2k+1)θ). ಮುಳ್ಳು 90 ಡಿಗ್ರಿ ಮುಟ್ಟುವುದಕ್ಕೆ 25 ಸುತ್ತು, ಆಗ ಸಂಭವ 0.9995. ಸೂತ್ರದಲ್ಲಿರುವ π ವೃತ್ತದಿಂದ ಬಂದದ್ದು.

ಆದರೆ ಮುಳ್ಳು ಅಲ್ಲಿ ನಿಲ್ಲುವುದಿಲ್ಲ. 26ನೇ ಸುತ್ತು ಹಾಕಿದರೆ ಮುಂದೆ ಹೋಗುತ್ತದೆ. ಕುಂಬಳೆಯಲ್ಲಿ ಇಳಿಯಬೇಕಾದವನು ಬಸ್ಸಿನಲ್ಲಿ ನಿದ್ದೆ ಹೋದರೆ ಮಂಜೇಶ್ವರ ದಾಟಿ ತಲಪಾಡಿ ಸೇರುತ್ತಾನಲ್ಲ, ಹಾಗೆ. 50 ಸುತ್ತಿಗೆ ಒಂದೇ ಉತ್ತರದ ಲೆಕ್ಕದಲ್ಲಿ ಸಂಭವ 0.0002. ಏನೂ ಮಾಡದೆ ಚೀಟಿ ಎತ್ತುವುದಕ್ಕಿಂತಲೂ ಕಡಿಮೆ.

ಇದರಿಂದ 50 ಮತ್ತು 100ರ ಸೊನ್ನೆ ಅರ್ಥವಾಯಿತು. ಆದರೆ 25 ಕೂಡ ಹಾಳಾಗಿತ್ತಲ್ಲ?

ಮೇಲಿನ ಪ್ರೋಗ್ರಾಂ ಕೊಟ್ಟ ಅಂಕಿಗಳನ್ನು ಗ್ರಾಫ್ ಮಾಡಿದೆ. 37ರ ಸಂಭವ ಏರುತ್ತಾ 12ನೇ ಸುತ್ತಿಗೆ 0.25 ಮುಟ್ಟಿತು. ಅಲ್ಲಿಂದ ಇಳಿಯುತ್ತಾ 25ಕ್ಕೆ 0.0006. ಮತ್ತೆ ಏರಿ 37ನೇ ಸುತ್ತಿಗೆ 0.25. ಅವತ್ತು ನನ್ನ ಹೆಂಡತಿ ಅದೇ ಮೇಜಿನ ಆ ತುದಿಯಲ್ಲಿ ಹತ್ತನೇ ಕ್ಲಾಸಿನ ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಇಲ್ಲಿನ ಒಂದು ಕನ್ನಡ ಮೀಡಿಯಂ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಕ್ವಾಂಟಂ ಬಗ್ಗೆ ಅವಳಿಗೆ ಆಸಕ್ತಿ ಇಲ್ಲ.

"ಇದು ಸೈನ್ ಅಲ್ವಾ, ವರ್ಗ ಮಾಡಿದ್ದು? ಆದ್ರೆ ಒಂದಕ್ಕೆ ಹೋಗ್ಲೇ ಇಲ್ವಲ್ಲ. ಉಳಿದ ಮುಕ್ಕಾಲು ಎಲ್ಲಿ?" ಎಂದಳು.

ಲೆಕ್ಕ ಹೇಳಿದೆ. ವರ್ಗ ಮಾಡಿದರೆ 345 ಬರುವ ಸಂಖ್ಯೆ, 37.

"37 ಇದ್ರೆ ಮೈನಸ್ 37 ಎಲ್ಲಿ ಹೋಯ್ತು? ವರ್ಗಸಮೀಕರಣದಲ್ಲಿ ಒಂದೇ ಮೂಲ ಬರೆದ್ರೆ ನಾನು ಮಕ್ಕಳಿಗೆ ಅರ್ಧ ಮಾರ್ಕ್ ಕೊಡ್ತೇನೆ."

ನನಗೆ ಸ್ವಲ್ಪ ನಾಚಿಕೆಯಾಯಿತು. ಇಲ್ಲಿ ಮೈನಸ್ 37 ಅಂದರೆ 1024 − 37, ಅಂದರೆ 987. ಅದೂ ಉತ್ತರವೇ. ಆದರೆ ಎರಡೇ ಉತ್ತರವಾಗಿದ್ದರೆ ಗ್ರಾಫ್ 17ನೇ ಸುತ್ತಿಗೆ ತುದಿ ಮುಟ್ಟಿ 37ಕ್ಕೆ ಅರ್ಧ ಪಾಲು ಸಿಗಬೇಕಿತ್ತು. 12ಕ್ಕೆ ತುದಿ, ಕಾಲು ಪಾಲು ಅಂದರೆ ಉತ್ತರ ನಾಲ್ಕಿರಬೇಕು. ಎಲ್ಲ 1024 ಸಂಖ್ಯೆಗಳನ್ನೂ ಪರೀಕ್ಷಿಸಿದೆ: 37, 475, 549, 987. ಎರಡರ ಘಾತವನ್ನು ಭಾಜಕವಾಗಿ ಇಟ್ಟುಕೊಂಡರೆ ಇದು ಹಳೆಯ ಸಂಗತಿ. 345ನ್ನು 8ರಿಂದ ಭಾಗಿಸಿದರೆ ಶೇಷ 1. ಅಂಥ ಸಂಖ್ಯೆಗೆ 1024ರಲ್ಲಿ ನಾಲ್ಕು ವರ್ಗಮೂಲ ಇದ್ದೇ ಇರುತ್ತದೆ. ಲೆಕ್ಕ ಆರಿಸಿದವನು ನಾನೇ, ಅದನ್ನು ನೋಡದೆ ಬಿಟ್ಟವನೂ ನಾನೇ.

ಉತ್ತರ M ಇದ್ದರೆ sin θ = √(M/N). ನಾಲ್ಕು ಇದ್ದರೆ 1/16. ಕೋನ ಎರಡರಷ್ಟು, ಹೆಜ್ಜೆಯೂ ಎರಡರಷ್ಟು, ಆದ್ದರಿಂದ ಸುತ್ತು ಅರ್ಧ: (π/4)√(N/M), ಅಂದರೆ 12. ನನ್ನ 25 ಸುತ್ತಿಗೆ ಮುಳ್ಳು 180 ಡಿಗ್ರಿ ದಾಟಿ ಕೂತಿತ್ತು. ಅಲ್ಲಿ ನಾಲ್ಕೂ ಉತ್ತರಗಳ ಒಟ್ಟು ಸಂಭವ 0.0023. 50, 100 ಎಲ್ಲ ಅದೇ ಅರ್ಧ ವೃತ್ತದ ಗುಣಕಗಳು, ಹಾಗಾಗಿ ನಾನು ದುಪ್ಪಟ್ಟು ಮಾಡಿದಾಗೆಲ್ಲ ಸೊನ್ನೆಯ ಹತ್ತಿರವೇ ಹೋಗಿ ಬಿದ್ದೆ. ಅದರ ಬದಲು 37 ಸುತ್ತು ಓಡಿಸಿದ್ದರೆ ಮೊದಲ ದಿನವೇ ನಾಲ್ಕು ಉತ್ತರ ಕಣ್ಣಿಗೆ ಬೀಳುತ್ತಿತ್ತು.

ಒರಾಕಲ್ ತಪ್ಪಿದೆಯೋ ಸುತ್ತು ತಪ್ಪಿದೆಯೋ ಎಂದು ತಿಳಿಯಲು ಈಗ ನಾನು ಮೊದಲು ಮಾಡುವುದು ಒಂದೇ ಸುತ್ತು ಓಡಿಸುವುದು. ಒಂದು ಸುತ್ತಿಗೆ ಉತ್ತರದ ಸಂಭವ ಮೊದಲಿನ ಸುಮಾರು ಒಂಬತ್ತು ಪಟ್ಟು ಆಗಬೇಕು. ಆಂಪ್ಲಿಟ್ಯೂಡ್ ಮೂರು ಪಟ್ಟು, ಅದರ ವರ್ಗ ಒಂಬತ್ತು. ಆಗಿದ್ದರೆ ಒರಾಕಲ್ ಸರಿ ಇದೆ. ಇದನ್ನು ಅವತ್ತೇ ಮಾಡಿದ್ದರೆ ಎರಡು ದಿನ ಉಳಿಯುತ್ತಿತ್ತು.

ಉತ್ತರ ಎಷ್ಟಿದೆ ಎಂದು ಗೊತ್ತಿಲ್ಲದಿದ್ದರೆ? ನಿಜವಾದ ಹುಡುಕಾಟದಲ್ಲಿ ಗೊತ್ತಿರುವುದೇ ಅಪರೂಪ. ಬಾಯರ್, ಬ್ರಾಸಾರ್, ಹಾಯರ್, ಟ್ಯಾಪ್ ಎಂಬ ನಾಲ್ವರು ಇದಕ್ಕೆ 1998ರಲ್ಲಿ ಪ್ರಕಟಿಸಿದ ಉಪಾಯ ನನಗೆ ಬಹಳ ಇಷ್ಟ. ಸುತ್ತಿನ ಮಿತಿ m ಅನ್ನು 1ರಿಂದ ಶುರು ಮಾಡಿ. mಗಿಂತ ಕಡಿಮೆ ಇರುವ ಯಾವುದೋ ಒಂದು ಸಂಖ್ಯೆಯನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅಷ್ಟು ಸುತ್ತು ಓಡಿಸಿ, ಅಳೆಯಿರಿ. ಬಂದ ಉತ್ತರವನ್ನು ವರ್ಗ ಮಾಡಿ ನೋಡಿ. ತಪ್ಪಿದ್ದರೆ m ಅನ್ನು 6/5 ಪಟ್ಟು ಮಾಡಿ ಮತ್ತೆ ಶುರು. √N ಮೀರಬಾರದು. ಚೀಟಿ ಎತ್ತುವುದರಿಂದ ನನ್ನ ಹಾಗೆ ಪ್ರತಿ ಸಲವೂ ಸೊನ್ನೆಯ ಮೇಲೇ ಬೀಳುವ ಭಯ ಇಲ್ಲ. m ಸಾಕಷ್ಟು ದೊಡ್ಡದಾದ ಮೇಲೆ ಪ್ರತಿ ಪ್ರಯತ್ನಕ್ಕೂ ಕನಿಷ್ಠ ಕಾಲು ಭಾಗ ಸಂಭವ ಇರುತ್ತದೆ. ಒಟ್ಟು ಖರ್ಚು ಆಗಲೂ √(N/M)ನ ಲೆಕ್ಕದಲ್ಲೇ ಉಳಿಯುತ್ತದೆ.

ಉತ್ತರ ಎಷ್ಟೆಂದು ಗೊತ್ತಿದ್ದರೂ 12ರವರೆಗೆ ಕಾಯಲೇಬೇಕೆಂದಿಲ್ಲ. ತುದಿಯ ಹತ್ತಿರ ಗ್ರಾಫ್ ಚಪ್ಪಟೆ, ಕೊನೆಯ ಸುತ್ತುಗಳಿಂದ ಸಿಗುವುದು ಕಡಿಮೆ. ನಮ್ಮ ಲೆಕ್ಕದಲ್ಲಿ 9ಕ್ಕೇ ನಿಲ್ಲಿಸಿದರೆ ಸಂಭವ 0.86. ತಪ್ಪಿದರೆ ಮತ್ತೆ ಮೊದಲಿನಿಂದ. ಹಾಗೆ ಮಾಡಿದರೆ ಸರಾಸರಿ ಹತ್ತೂವರೆ ಸುತ್ತಿಗೆ ಉತ್ತರ ಸಿಗುತ್ತದೆ, 12ಕ್ಕಿಂತ ಕಡಿಮೆ. ಸರ್ಕ್ಯೂಟ್ ಉದ್ದವಾದಷ್ಟೂ ತಪ್ಪು ಕೂಡಿಕೊಳ್ಳುವ ಇಂದಿನ ಯಂತ್ರಗಳಲ್ಲಿ ಬೇಗ ನಿಲ್ಲಿಸುವುದು ಇನ್ನೂ ಒಳ್ಳೆಯದು.

ಪಾಠದ ಹಾಳೆಯಲ್ಲಿ 345 ಹಾಗೇ ಉಳಿಸಿದೆ, 25ನ್ನೂ ಉಳಿಸಿದೆ. ಮಕ್ಕಳು ಮೊದಲು ಓಡಿಸಿ ಹಾಳು ಮಾಡಿಕೊಳ್ಳಲಿ, ಆಮೇಲೆ ಗ್ರಾಫ್ ಬರೆಯಲಿ ಎಂದು. ಮೊದಲ ಸಲ ಒಂದು ಕಾಲೇಜಿನಲ್ಲಿ ಮಾಡಿಸಿದಾಗ ಹಿಂದಿನ ಬೆಂಚಿನ ಒಬ್ಬಳು 345ರ ಬದಲು 346 ಹಾಕಿದಳು. 346ಕ್ಕೆ ವರ್ಗಮೂಲವೇ ಇಲ್ಲ. M ಸೊನ್ನೆ, ಕೋನ ಸೊನ್ನೆ, ಮುಳ್ಳು ಕದಲುವುದೇ ಇಲ್ಲ. m ಏರಿಸುತ್ತಾ ಚೀಟಿ ಎತ್ತಿ ಹುಡುಕುವ ನನ್ನ ಪ್ರೋಗ್ರಾಂ ನಿಲ್ಲಲೂ ಇಲ್ಲ. "ಸರ್, ಇದು ಇನ್ನೂ ಹುಡುಕ್ತಾ ಇದೆ" ಎಂದಳು. ಮನೆಗೆ ಬಂದು ಒಂದು ಸಾಲು ಸೇರಿಸಿದೆ: m 32 ಮುಟ್ಟಿದ ಮೇಲೆ ಸತತ 30 ಸಲ ಸೋತರೆ "ಉತ್ತರ ಇಲ್ಲ" ಎಂದು ಹೇಳಿ ನಿಲ್ಲಿಸು. ಉತ್ತರ ಇದ್ದೂ ಹಾಗೆ ಹೇಳುವ ಸಂಭವ 5,000ಕ್ಕೆ 1ಕ್ಕಿಂತ ಕಡಿಮೆ.