ದಾನಪತ್ರದ ಕೊನೆಯ ನಾಲ್ಕು ಸಾಲು

ತಂದೆ ಮಗಳಿಗೆ ಮನೆ ಕೊಡುವ ದಾನಪತ್ರದ ಕರಡು ಅದು. ಚಕ್ಕುಬಂದಿ, ಅಳತೆ, ಖಾತಾ ನಂಬರು ಎಲ್ಲವನ್ನೂ ಎರಡೆರಡು ಸಲ ತಾಳೆ ನೋಡಿ ಆಗಿತ್ತು. ಉಳಿದದ್ದು ಕೊನೆಯ ನಾಲ್ಕು ಸಾಲು: ‘ಇದಕ್ಕೆ ಸಾಕ್ಷಿಯಾಗಿ ಮೇಲೆ ಮೊದಲು ಬರೆದ ದಿನ, ತಿಂಗಳು ಮತ್ತು ವರ್ಷದಂದು ಬೆಂಗಳೂರಿನಲ್ಲಿ ಈ ಕೆಳಕಂಡ ಸಾಕ್ಷಿಗಳ ಸಮಕ್ಷಮ ಈ ಕ್ರಯಪತ್ರಕ್ಕೆ ರುಜು ಮಾಡಿರುತ್ತೇವೆ.’

ದಾನಪತ್ರದ ಕೊನೆಗೆ ‘ಕ್ರಯಪತ್ರ’! ಹಳೆಯ ಫೈಲಿನ ಮೇಲೆ ಹೊಸದನ್ನು ಟೈಪು ಮಾಡಿದಾಗ ಮೊದಲು ಉಳಿದುಹೋಗುವುದು ಇಲ್ಲೇ. ಅದಕ್ಕೇ ಈ ಭಾಗವನ್ನು ಬಿಡಿಯಾಗಿ ಓದಬಾರದು. ಮೊದಲ ಪುಟವನ್ನು ಪಕ್ಕದಲ್ಲಿ ಇಟ್ಟುಕೊಂಡು ಪತ್ರದ ಹೆಸರು, ಕಕ್ಷಿದಾರರು ಒಬ್ಬರೋ ಹಲವರೋ, ‘ಮಾಡಿರುತ್ತೇನೆ’ಯೋ ‘ಮಾಡಿರುತ್ತೇವೆ’ಯೋ ಎಂದು ಹೊಂದಿಸಿ ನೋಡಬೇಕು.

ಇನ್ನು ತಾರೀಖು. ‘ಮೇಲೆ ಮೊದಲು ಬರೆದ ದಿನ’ ಎಂದ ಮೇಲೆ ಮೇಲೆ ಒಂದು ದಿನ ಬರೆದಿರಲೇಬೇಕು. ಈ ಕರಡಿನ ಮೊದಲ ಪುಟದಲ್ಲಿ ‘2025ನೇ ಇಸವಿ ...... ತಿಂಗಳು ...... ನೇ ತಾರೀಖು’ ಎಂದು ಚುಕ್ಕೆಗಳಷ್ಟೇ ಇದ್ದವು. ತುಂಬದೆ ರುಜು ಬಿದ್ದರೆ ಕೊನೆಯ ಸಾಲು ಬೆರಳು ತೋರಿಸುವ ಜಾಗ ಖಾಲಿ. ಅದಕ್ಕೆ ಮದ್ದೆಂದು ಕೊನೆಯಲ್ಲೂ ಇನ್ನೊಂದು ತಾರೀಖು ಬರೆಯುವುದು ತಪ್ಪು. ಮೇಲೆ ಮಾರ್ಚ್ 14, ಕೆಳಗೆ ಹಳೆಯ ಕರಡಿನ ಫೆಬ್ರವರಿ 14 ಉಳಿಯಿತು ಎನ್ನಿ. ಪತ್ರಕ್ಕೆ ರುಜು ಮಾಡಿದ ದಿನದಿಂದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕೆಂದು 1908ರ ನೋಂದಣಿ ಕಾಯ್ದೆಯ 23ನೇ ಕಲಂ ಹೇಳುತ್ತದೆ. ತಂದೆಯ ಆರೋಗ್ಯ ಕೆಟ್ಟು ಜೂನ್ 20ಕ್ಕೆ ಕಚೇರಿಗೆ ಹೋದರೆ, ಒಂದು ತಾರೀಖಿನ ಪ್ರಕಾರ ಅವಧಿ ಇದೆ, ಇನ್ನೊಂದರ ಪ್ರಕಾರ ಮುಗಿದಿದೆ. ಹಾಗಾಗಿ ತಾರೀಖು ಒಂದೇ ಕಡೆ ಇರಲಿ, ತಿಂಗಳನ್ನು ಅಕ್ಷರದಲ್ಲಿ ಬರೆಯಲಿ. ಅಂಕಿಯಲ್ಲಿ 3 ಅನ್ನು 8 ಮಾಡುವುದು ಸುಲಭ. ‘ಮಾರ್ಚ್’ ಅನ್ನು ‘ಆಗಸ್ಟ್’ ಮಾಡುವುದು ಆಗದ ಮಾತು.

ದಿನದ ಅಂಕಿಯನ್ನು ಮಾತ್ರ ರುಜುವಿನ ಹೊತ್ತಿಗೆ ಕೈಯಿಂದ ತುಂಬಲು ಬಿಡಬಹುದು. ತುಂಬಿದ ಜಾಗದ ಪಕ್ಕ ಬರೆದುಕೊಟ್ಟವರ ಚಿಕ್ಕ ರುಜು ಬೇಕು. ದೃಢೀಕರಿಸದ ಖಾಲಿ ಜಾಗ, ಅಳಿಸಿದ್ದು, ತಿದ್ದಿದ್ದು ಕಂಡರೆ ಉಪನೋಂದಣಾಧಿಕಾರಿ ಪತ್ರವನ್ನು ತೆಗೆದುಕೊಳ್ಳದೆ ಇರಬಹುದು. ಅದೇ ಕಾಯ್ದೆಯ 20ನೇ ಕಲಂ ಆ ಅಧಿಕಾರ ಕೊಟ್ಟಿದೆ.

ಸ್ಥಳದ ವಿಷಯದಲ್ಲೂ ಒಂದು ಗೊಂದಲ ಇತ್ತು. ಮನೆ ತುಮಕೂರಿನದು, ರುಜು ಬೆಂಗಳೂರಿನಲ್ಲಿ. ಕೊನೆಯ ಸಾಲಿಗೆ ಬೇಕಾದ್ದು ರುಜು ಮಾಡಿದ ಊರು. ಸ್ವತ್ತಿನ ಊರು ಷೆಡ್ಯೂಲಿನಲ್ಲಿ ಇರುತ್ತದೆ, ನೋಂದಣಿ ಕಚೇರಿ ಯಾವುದೆಂದು ತೀರ್ಮಾನವಾಗುವುದು ಅದರಿಂದ. ಇಬ್ಬರು ಬೇರೆ ಬೇರೆ ಊರಲ್ಲಿ, ಬೇರೆ ದಿನ ರುಜು ಹಾಕುವುದಾದರೆ ‘ಬೆಂಗಳೂರಿನಲ್ಲಿ’ ಎಂಬ ಒಂದು ಪದ ಸಾಲದು. ಪ್ರತಿ ರುಜುವಿನ ಕೆಳಗೆ ಅವರವರ ತಾರೀಖು, ಸ್ಥಳ ಬರಬೇಕು.

ದಾನಪತ್ರಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳ ರುಜು ಕಡ್ಡಾಯ. ಕರಡಿನಲ್ಲಿ ಸಾಕ್ಷಿಗಳ ಕೆಳಗೆ ಹೆಸರಿಗೆ ಮಾತ್ರ ಗೆರೆ ಎಳೆದಿತ್ತು. ಸಾಕ್ಷಿಗಳ ತಂದೆಯ ಹೆಸರು, ವಿಳಾಸಕ್ಕೂ ಜಾಗ ಮಾಡಿಸಬೇಕಾಯಿತು. ಹಾಗೆ ಮಾಡಿದ್ದೇ ರುಜುಗಳೆಲ್ಲ ಮುಂದಿನ ಪುಟಕ್ಕೆ ಜಾರಿದವು, ಆ ಪುಟದಲ್ಲಿ ಪತ್ರದ ಒಂದು ಅಕ್ಷರವೂ ಇಲ್ಲ. ಬರೀ ರುಜುವಿನ ಹಾಳೆಯನ್ನು ಯಾವ ಪತ್ರಕ್ಕಾದರೂ ಸೇರಿಸಬಹುದು. ಸಾಲಿನ ಅಂತರ ಸರಿಪಡಿಸಿ, ‘ಇದಕ್ಕೆ ಸಾಕ್ಷಿಯಾಗಿ’ ಎಂಬ ಸಾಲುಗಳನ್ನು ರುಜುಗಳಿರುವ ಪುಟಕ್ಕೇ ಇಳಿಸಿದ ಮೇಲೆ ಕರಡು ಅಚ್ಚಿಗೆ ಹೋಯಿತು.