ತೊಡೆದೇವು ಏಳುವ ಮೊದಲೇ ಸಬ್‌ಸ್ಕ್ರೈಬ್ ಕೇಳಿದ್ದೆ

ಶಿರಸಿಯಲ್ಲಿ ನನ್ನದು ಮದುವೆ ವಿಡಿಯೊ ಎಡಿಟಿಂಗ್ ಕೆಲಸ. ಮಳೆಗಾಲದಲ್ಲಿ ಕೆಲಸ ಕಮ್ಮಿ. ಆಗ ಪರಿಚಯದ ಅಕ್ಕ ಒಬ್ಬರ ಅಡುಗೆ ಚಾನೆಲ್‌ಗೆ ಪ್ರೋಮೊ ಮಾಡಿಕೊಟ್ಟೆ. ಆಲೆಮನೆ ಸಮಯದಲ್ಲಿ ಅವರು ಕಬ್ಬಿನ ಹಾಲು ಹಾಕಿ ತೊಡೆದೇವು ಎಂಬ ತೆಳು ಹಾಳೆಯ ಸಿಹಿತಿಂಡಿ ಮಾಡಿದ್ದರು. ಅದರ ಶೂಟಿಂಗ್ ಹಾಗೇ ಬಿದ್ದಿತ್ತು.

ಮೊದಲ ಪ್ರೋಮೊ 40 ಸೆಕೆಂಡಿನದು. ತಿರುಗುವ ಲೋಗೊ, ಆಮೇಲೆ "ಎಲ್ಲರಿಗೂ ನಮಸ್ಕಾರ", ಆಮೇಲೆ ಪಟಪಟನೆ ಹತ್ತು ಅಡುಗೆ, ಕೊನೆಗೆ ಲೈಕ್, ಶೇರ್, ಸಬ್‌ಸ್ಕ್ರೈಬ್, ಬೆಲ್. ಮದುವೆ ವಿಡಿಯೊ ಮಾಡಿದ ಅಭ್ಯಾಸ ನೋಡಿ, ಅಲ್ಲಿ ನಿಧಾನಕ್ಕೆ ಶುರು ಮಾಡಿದರೂ ಮನೆಯವರು ಕಾದು ನೋಡುತ್ತಾರೆ. ಇಲ್ಲಿ ಯಾರೂ ಕಾಯಲಿಲ್ಲ. ಯೂಟ್ಯೂಬ್ ಸ್ಟುಡಿಯೋದಲ್ಲಿ ಎಷ್ಟು ಜನ ಯಾವ ಸೆಕೆಂಡಿನವರೆಗೆ ನೋಡಿದರು ಎಂದು ತೋರಿಸುವ ಗೆರೆ ಇರುತ್ತದೆ. ಅದು ಲೋಗೊ ಮುಗಿಯುವಷ್ಟರಲ್ಲಿ ಅರ್ಧಕ್ಕೆ ಇಳಿದಿತ್ತು.

ಎರಡನೇ ಸಲ ನೇರವಾಗಿ ಬೋರಲು ಹಾಕಿದ ಗಡಿಗೆಯಿಂದಲೇ ಶುರು ಮಾಡಿದೆ. ಹಿಟ್ಟಿನಲ್ಲಿ ಅದ್ದಿದ ಬಟ್ಟೆ ಬಿಸಿ ಗಡಿಗೆ ಮೇಲೆ ಹೋಗುತ್ತದೆ, ಚುರ್ ಎನ್ನುತ್ತದೆ. ಕಾಗದದಷ್ಟು ತೆಳುವಾದ ಹಾಳೆಯ ಅಂಚನ್ನು ಅಕ್ಕ ಬೆರಳಲ್ಲಿ ಎತ್ತುತ್ತಾರೆ. ಹರಿಯುತ್ತದಾ, ಇಡಿಯಾಗಿ ಏಳುತ್ತದಾ? ಅಷ್ಟರಲ್ಲಿ ಕಟ್ ಮಾಡಿ ಸಬ್‌ಸ್ಕ್ರೈಬ್ ಬರಹ ಹಾಕಿದೆ. ಬಹಳ ಜಾಣತನ ಅಂದುಕೊಂಡಿದ್ದೆ. ಗೆರೆ ಶುರುವಿನಲ್ಲಿ ನಿಂತಿತು, ಸರಿಯಾಗಿ ಆ ಬರಹ ಬಂದಲ್ಲಿ ಕುಸಿಯಿತು. ಹಾಳೆ ಏನಾಯಿತು ಎಂದು ಕಾಯುತ್ತಿದ್ದವರ ಮುಂದೆ ನಾನು ಕೈ ಒಡ್ಡಿ ನಿಂತಿದ್ದೆ, ಅಷ್ಟೇ.

ಮೂರನೆಯದು 22 ಸೆಕೆಂಡು. ಮೊದಲ ಮೂರು ಸೆಕೆಂಡಿನಲ್ಲಿ ಬಟ್ಟೆ, ಚುರ್ ಸದ್ದು, ಅಂಚು ಎತ್ತುವ ಬೆರಳು. ಆಮೇಲೆ ಹರಿದುಹೋದ ಎರಡು ಹಾಳೆ, ಒಂದೊಂದು ಸೆಕೆಂಡು. ಅಕ್ಕನ ದನಿಯಲ್ಲಿ "ಹಿಟ್ಟು ದಪ್ಪ ಆದ್ರೆ ಹಿಂಗೆ." ನಂತರ ಇಡೀ ಹಾಳೆ ಏಳುವ ದೃಶ್ಯ, ಎಲ್ಲೂ ಕತ್ತರಿಸದೆ ಆರು ಸೆಕೆಂಡು. ಇಲ್ಲಿ ಕೈ ತುರಿಸುತ್ತದೆ, ಕಟ್ ಮಾಡೋಣ ಅನಿಸುತ್ತದೆ. ಮಾಡಬಾರದು. ಮುಂಚಿನ ಚುಟುಕು ದೃಶ್ಯಗಳ ಪಕ್ಕದಲ್ಲಿ ಇದು ನಿಧಾನ ಇದ್ದರೇನೇ ಕಣ್ಣು ನಿಲ್ಲುವುದು. ಮೇಲಾಗಿ, ಮಧ್ಯೆ ಕಟ್ ಬಂದರೆ ಬೇರೆ ಹಾಳೆ ತೋರಿಸಿದರೇನೋ ಎಂಬ ಅನುಮಾನ ಬರುತ್ತದೆ.

ಕೇಳುವುದು ಅದಾದ ಮೇಲೆ. ಆದರೆ ಚಿತ್ರ ನಿಲ್ಲಿಸಿ ಅಲ್ಲ. ಮುಗಿಯಿತು ಅನಿಸಿದ ಕೂಡಲೇ ಹೆಬ್ಬೆರಳು ಮುಂದಿನ ವಿಡಿಯೊಗೆ ಹೋಗಿರುತ್ತದೆ. ಅಕ್ಕ ಬಿಸಿ ಹಾಳೆಗೆ ತುಪ್ಪ ಸವರಿ ಮಡಚುತ್ತಿರುವಾಗಲೇ ದನಿ ಬರುತ್ತದೆ: "ಶುಕ್ರವಾರಕ್ಕೊಂದು ನಮ್ಮೂರ ಅಡುಗೆ. ಸಬ್‌ಸ್ಕ್ರೈಬ್ ಮಾಡಿ." ಲೈಕು, ಬೆಲ್ಲು ಎಲ್ಲ ತೆಗೆದೆ. ಬರಹವನ್ನೂ ಮೇಲಕ್ಕೆ ತಂದೆ, ಮೊಬೈಲ್‌ನಲ್ಲಿ ನೋಡುವ ಶಾರ್ಟ್ಸ್ ವಿಡಿಯೊದಲ್ಲಿ ಕೆಳಗಿಟ್ಟರೆ ಶೀರ್ಷಿಕೆ ಅದನ್ನು ಮುಚ್ಚುತ್ತದೆ.

ಆ ವಿಡಿಯೊದಿಂದ ಎಷ್ಟು ಜನ ಸೇರಿದರು ಎನ್ನುವುದನ್ನೂ ಸ್ಟುಡಿಯೋ ಬೇರೆಯಾಗಿ ತೋರಿಸುತ್ತದೆ. ಮೊದಲೆರಡಕ್ಕಿಂತ ಇದರಲ್ಲಿ ಜಾಸ್ತಿ ಇತ್ತು. ಇದೇ ಅಳತೆಯನ್ನು ತಂಬುಳಿಗೆ ಹಾಕಿದೆ, ನಡೆಯಲಿಲ್ಲ. ತಂಬುಳಿಯಲ್ಲಿ ಹರಿಯುವುದೂ ಇಲ್ಲ, ಏಳುವುದೂ ಇಲ್ಲ. ಈಗ ಅದನ್ನು ಒಗ್ಗರಣೆ ಸದ್ದಿನಿಂದ ಶುರು ಮಾಡಿ ನೋಡುತ್ತಿದ್ದೇನೆ.

ಅಕ್ಕನಿಗೆ ಮಾತ್ರ ಇನ್ನೂ ಸಮಾಧಾನ ಇಲ್ಲ. "ನಮಸ್ಕಾರ ಹೇಳದೆ ಸುರು ಮಾಡದು ಚೊಲೋ ಕಾಣ್ತಿಲ್ಲೆ ತಮಾ" ಅನ್ನುತ್ತಾರೆ. ನಮಸ್ಕಾರವನ್ನು ಶುಕ್ರವಾರದ ದೊಡ್ಡ ವಿಡಿಯೊದಲ್ಲಿ ಉಳಿಸಿದ್ದೇನೆ, ಪಾತ್ರೆ ಒಲೆ ಮೇಲೆ ಇಟ್ಟಾದ ಮೇಲೆ.