ಹಳೆಯ ಕೈಗಡಿಯಾರದ ಜಾಹೀರಾತು ಮತ್ತು ನೀರಿನ ಮಾತು

ಬೆಳಗಾವಿಯ ನಮ್ಮ ಕಾಕಾ ತಮ್ಮ ಸೀಕೊ ಫೈವ್ ಕೈಗಡಿಯಾರವನ್ನು ಮಾರಲು ನಿಶ್ಚಯಿಸಿ, ಅದರ ವಿವರ ಬರೆದುಕೊಡುವ ಕೆಲಸವನ್ನು ನನಗೆ ವಹಿಸಿದರು. ಅವರು ತಾವೇ ಒಂದು ಚೀಟಿಯಲ್ಲಿ "ಆಟೊಮ್ಯಾಟಿಕ್, ಒಳ್ಳೆಯ ಸ್ಥಿತಿ, ವಾಟರ್‌ಪ್ರೂಫ್" ಎಂದು ಬರೆದಿದ್ದರು. ಮೊದಲನೆಯ ಪದ ನಿಜವಾಗಿತ್ತು, ಎರಡನೆಯದನ್ನು ಫೋಟೊಗಳೇ ಹೇಳಬಲ್ಲವು. ಮೂರನೆಯದನ್ನು ಮಾತ್ರ ಪರೀಕ್ಷಿಸದೆ ಬರೆಯಲು ನನಗೆ ಮನಸ್ಸಾಗಲಿಲ್ಲ.

ಹಿಂಬದಿಯ ಮುಚ್ಚಳದ ಮೇಲಿನ ಸಂಕೇತ 7ಎಸ್26 ಎಂದು ಆರಂಭವಾಗುತ್ತಿದ್ದುದರಿಂದ ಒಳಗಿನ ಯಂತ್ರ ಯಾವುದೆಂಬುದು ಸ್ಪಷ್ಟವಾಗಿತ್ತು. ಸವೆತ ತಡೆಯುವ ಪುಟ್ಟ ಹರಳುಗಳು, ಅಂದರೆ ಜ್ಯುವೆಲ್‌ಗಳು, 21 ಇರುವ ಈ ಯಂತ್ರ ಕೈಯ ಚಲನೆಯಿಂದಲೇ ಕೀಲಿ ತುಂಬಿಕೊಳ್ಳುತ್ತದೆ. ಪಕ್ಕದಲ್ಲಿರುವ ತಿರುಗಿಸುವ ಗುಂಡಿಯಾದ ಕಿರೀಟವನ್ನು ತಿರುಗಿಸಿ ಕೀಲಿ ಕೊಡಲು ಬರುವುದಿಲ್ಲ, ಸಮಯ ಹೊಂದಿಸಲು ಕಿರೀಟವನ್ನು ಹೊರಗೆಳೆದರೂ ಸೆಕೆಂಡಿನ ಮುಳ್ಳು ನಿಲ್ಲುವುದಿಲ್ಲ. ಇವೆರಡೂ ಅದರ ರಚನೆಯ ಗುಣಗಳೇ ಹೊರತು ದೋಷಗಳಲ್ಲ. ಆದರೂ ತಿಳಿಯದ ಕೊಳ್ಳುಗ ಪಾರ್ಸೆಲ್ ಬಿಚ್ಚಿದೊಡನೆ ಗಡಿಯಾರ ಕೆಟ್ಟಿದೆ ಎಂದು ಹಿಂದಿರುಗಿಸಬಹುದಾದ್ದರಿಂದ ಎರಡನ್ನೂ ಮೊದಲೇ ಬರೆದೆ. ಕೇಸಿನ ಅಳತೆಯನ್ನು ವರ್ನಿಯರ್ ಕ್ಯಾಲಿಪರ್‌ನಿಂದ, ಕಿರೀಟವನ್ನು ಬಿಟ್ಟು ತೆಗೆದುಕೊಂಡಾಗ ಸುಮಾರು 37 ಮಿ.ಮೀ. ಬಂತು. ಕಿರೀಟವನ್ನು ಸೇರಿಸಿ ಅಳೆದವರ ಜಾಹೀರಾತಿನಲ್ಲಿ ಇದೇ ಗಡಿಯಾರ ಇನ್ನಷ್ಟು ದೊಡ್ಡದೆಂದು ಕಾಣುತ್ತದೆ. ಆದ್ದರಿಂದ ಅಳೆದ ರೀತಿಯನ್ನೂ ನಮೂದಿಸಿದೆ. ಚರ್ಮದ ಪಟ್ಟಿ ಕಂಪನಿಯದಲ್ಲ, ನಡುವಿನ ಒಂದು ತೂತು ಹಿಗ್ಗಿದೆ, ಒಳಬದಿ ಬೆವರಿನಿಂದ ಕಪ್ಪಾಗಿದೆ ಎಂದು ಬರೆದು, ಹಿಗ್ಗಿದ ತೂತಿನ ಸಮೀಪದ ಫೋಟೊವನ್ನೂ ಜೊತೆಗಿಟ್ಟೆ.

ಸರ್ವಿಸ್ ಆಗಿದೆಯೇ ಎಂದು ಕೇಳಿದಾಗ ಕಾಕಾ "ಆಗೇತಿ" ಎಂದರು, ಆದರೆ ರಸೀದಿ ಇರಲಿಲ್ಲ. ಹೀಗಾಗಿ ಖಡೇಬಜಾರಿನ ಹಿರಿಯ ರಿಪೇರಿಗಾರರೊಬ್ಬರ ಬಳಿಗೆ ಗಡಿಯಾರವನ್ನು ಒಯ್ದೆ. ಅವರು ತಿರುಪಿನ ಮುಚ್ಚಳವನ್ನು ಬಿಚ್ಚಿ, ಅದರ ಒಳಮೈಯನ್ನು ದೀಪಕ್ಕೆ ಓರೆಯಾಗಿ ಹಿಡಿದು ತೋರಿಸಿದರು. ಸೂಜಿಯಿಂದ ಗೀಚಿದ, ಬರಿಗಣ್ಣಿಗೆ ಗೆರೆಯಂತೆ ಕಾಣುವ ಒಂದು ಗುರುತು ಅಲ್ಲಿತ್ತು. ಕಣ್ಣಿಗೆ ಭೂತಗನ್ನಡಿ ಹಚ್ಚಿಕೊಂಡು ನೋಡಿದಾಗ ಅದು ಎರಡು ಅಕ್ಷರ ಮತ್ತು "8-17" ಎಂದು ಓದಿಸಿತು. ಬಹಳಷ್ಟು ರಿಪೇರಿಗಾರರು ತಾವು ಕೆಲಸ ಮಾಡಿದ ತಿಂಗಳನ್ನು ಹೀಗೆ ಗುರುತು ಹಾಕಿಡುತ್ತಾರೆ. ಆದರೆ ಅಂದು ಯಂತ್ರವನ್ನು ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕಿದರೋ, ವೇಗವನ್ನಷ್ಟೇ ಸರಿಪಡಿಸಿದರೋ ಎಂಬುದನ್ನು ಗುರುತು ಹೇಳುವುದಿಲ್ಲ. ಜಾಹೀರಾತಿನಲ್ಲಿ "2017ರ ಆಗಸ್ಟ್‌ನಲ್ಲಿ ತೆರೆದ ಗುರುತು ಒಳಗಿದೆ, ಮಾಡಿದ ಕೆಲಸದ ದಾಖಲೆಯಿಲ್ಲ" ಎಂದಷ್ಟೇ ಬರೆದೆ.

ನೀರಿನ ವಿಷಯಕ್ಕೆ ಉತ್ತರ ಸಿಕ್ಕಿದ್ದೂ ಅದೇ ಮೇಜಿನ ಮೇಲೆ. ಮುಚ್ಚಳದಡಿಯ ರಬ್ಬರ್ ಉಂಗುರವನ್ನು ಅವರು ಚಿಮಟದಿಂದ ಎತ್ತಿದರು. ಹೊಸದಾಗಿದ್ದಾಗ ದುಂಡಗಿರುವ ಅದು ಒತ್ತಡಕ್ಕೆ ಸಿಕ್ಕು ಲಾಡಿಯಂತೆ ಚಪ್ಪಟೆಯಾಗಿತ್ತು, ಬಾಗಿಸಿದರೆ ಮತ್ತೆ ಹಿಂದಿನ ಆಕಾರಕ್ಕೆ ಬರುತ್ತಿರಲಿಲ್ಲ. "ಇದು ಸತ್ತೈತ್ರಿ, ನೀರಾಗ ಇಳಸಬ್ಯಾಡ್ರಿ," ಎಂದರು. ಮುಚ್ಚಳದ ಮೇಲೆ ವಾಟರ್ ರೆಸಿಸ್ಟೆಂಟ್ ಎಂದು ಮಾತ್ರವಿದ್ದು, ಅಂಕಿಯೇನೂ ಇರಲಿಲ್ಲ. ಹಾಗೆ ಬರೆದಿದ್ದರೆ ಕೈ ತೊಳೆಯುವಾಗಿನ ಹನಿ, ಸಣ್ಣ ಮಳೆ ಇವಿಷ್ಟಕ್ಕೇ ಭರವಸೆ. ಈಜಲು ಕನಿಷ್ಠ 5 ಬಾರ್, ಅಂದರೆ 50 ಮೀಟರ್ ನೀರಿನ ಒತ್ತಡ, ಎಂಬ ನಮೂದು ಬೇಕು. 30 ಮೀಟರ್ ಎಂದು ಬರೆದ ಗಡಿಯಾರದಲ್ಲೂ ಆ ಅಂಕಿ ನಿಶ್ಚಲ ನೀರಿನ ಒತ್ತಡದ ಅಳತೆಯೇ ಹೊರತು ಅಷ್ಟು ಆಳಕ್ಕೆ ಧುಮುಕಬಹುದೆಂಬ ಮಾತಲ್ಲ. ಮೇಲಾಗಿ ಅದು ಕಾರ್ಖಾನೆಯಿಂದ ಹೊರಟ ದಿನದ ಮಾತು.

ಒತ್ತಡ ಪರೀಕ್ಷಿಸುವ ಯಂತ್ರ ಅವರಲ್ಲಿರಲಿಲ್ಲ. ಮುಚ್ಚಳವನ್ನು ಮತ್ತೆ ಬಿಗಿದು, ಗಡಿಯಾರವನ್ನು ಬೆಚ್ಚಗಿನ ತಗಡಿನ ಮೇಲಿಟ್ಟು ಕಾಯಿಸಿ, ಗಾಜಿನ ಮೇಲೆ ತಣ್ಣೀರಿನ ಹನಿಯೊಂದನ್ನು ಬಿಟ್ಟು, ನಿಮಿಷದ ನಂತರ ಒರೆಸಿ ನೋಡಿದರು. ಗಾಜಿನ ಒಳಮೈ ಮಂಜಾಗಲಿಲ್ಲ. ಈಗ ಒಳಗೆ ತೇವವಿಲ್ಲ ಎಂಬುದಕ್ಕೆ ಅದು ಸಾಕ್ಷಿ. ನಾಳೆ ನೀರು ನುಗ್ಗುವುದಿಲ್ಲ ಎಂಬುದಕ್ಕೆ ಅಲ್ಲ. ಕಾಕಾನ "ವಾಟರ್‌ಪ್ರೂಫ್" ಹೊಡೆದುಹಾಕಿ, ಮುಚ್ಚಳದ ಮೇಲಿನ ಪದವನ್ನು ಇದ್ದಂತೆ ಕೊಟ್ಟು, "ಉಂಗುರ ಹಳೆಯದು, ಒತ್ತಡ ಪರೀಕ್ಷೆ ಆಗಿಲ್ಲ, ನೀರಿನಿಂದ ದೂರವಿಡಬೇಕು" ಎಂದು ಸೇರಿಸಿದೆ. ಇಷ್ಟೆಲ್ಲ ಬರೆದರೆ ಬೆಲೆ ಇಳಿಯುತ್ತದೆಂದು ಕಾಕಾ ಬೇಸರಪಟ್ಟರು.

ಜಾಹೀರಾತು ನೋಡಿ ಬಾಗಲಕೋಟೆಯಿಂದ ಕರೆ ಮಾಡಿದವರು ನೀರಿನ ಆ ಸಾಲನ್ನೇ ಹಿಡಿದು, ತಾವು ಆಲಮಟ್ಟಿ ಹಿನ್ನೀರಿನಲ್ಲಿ ಈಜುವವರೆಂದೂ, ಉಂಗುರ ಬದಲಿಸಿದರೆ ಗಡಿಯಾರ ನಡೆದೀತೇ ಎಂದೂ ಕೇಳಿದರು. ಮುಚ್ಚಳದ ಉಂಗುರ ಸುಲಭವಾಗಿ ಬದಲಾಗುತ್ತದೆ. ಆದರೆ ಕಿರೀಟದೊಳಗೂ ಒಂದು ಉಂಗುರವಿದ್ದು, ಅದು ಸವೆದಿದ್ದರೆ ಸಾಮಾನ್ಯವಾಗಿ ಕಿರೀಟವನ್ನೇ ಬದಲಿಸಬೇಕಾಗುತ್ತದೆ, ಎರಡನ್ನೂ ಮಾಡಿಸಿದರೂ ಇದು ಈಜುವ ಗಡಿಯಾರವಾಗುವುದಿಲ್ಲ ಎಂದೆ. ಅವರು ಅದನ್ನು ಕಚೇರಿಗೆ ಮಾತ್ರ ಕಟ್ಟಿಕೊಳ್ಳುವುದಾಗಿ ಹೇಳಿ, ಮುಚ್ಚಳದ ಉಂಗುರವನ್ನು ಹೊಸದಾಗಿ ಹಾಕಿಸಿ ಕಳುಹಿಸುವಂತೆ ಕೋರಿ, ಅದರ ಖರ್ಚನ್ನೂ ಸೇರಿಸಿಯೇ ಹಣ ಕೊಟ್ಟರು.